ಪೋಸ್ಟ್ ನೋಡಿ ಬಂದ ಆರ್ಡರ್ ಯಾವುದು? ಫರ್ನಿಚರ್ ವರ್ಕ್‌ಶಾಪ್‌ಗೆ ಕೂಪನ್ ಕೋಡ್ ಮತ್ತು ಟ್ಯಾಗ್ ಲಿಂಕ್: ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನದ ಸುತ್ತಮುತ್ತ ಮಂಚ, ದೇವರ ಮಂಟಪ, ತೂಗುಮಂಚ, ಸೋಫಾ ಮಾಡಿಕೊಡುವ ವರ್ಕ್‌ಶಾಪ್‌ಗಳನ್ನು ಮನಸ್ಸಿನಲ್ಲಿಟ್ಟು ಬರೆದ ಉತ್ತರಗಳಿವು. ಇಲ್ಲಿ ಯಾರೂ ವೆಬ್‌ಸೈಟಿನಲ್ಲಿ ಮಂಚ ಖರೀದಿಸುವುದಿಲ್ಲ. ಪೋಸ್ಟ್ ಕಾಣುವುದು ಫೋನಿನಲ್ಲಿ, ಅಡ್ವಾನ್ಸ್ ಕೊಡುವುದು ಶೆಡ್ಡಿನಲ್ಲಿ. ಈ ಎರಡರ ನಡುವಿನ ಕೊಂಡಿಯನ್ನು ಹೇಗೆ ಹಿಡಿಯುವುದು ಎಂಬುದಷ್ಟೇ ಇಲ್ಲಿನ ವಿಷಯ.

ಲೈಕ್, ವ್ಯೂ ಎಷ್ಟು ಬಂತು ಅಂತ ಆ್ಯಪ್ ತೋರಿಸುತ್ತಲ್ಲ, ಅದು ಸಾಲದೇ?

ಸಾಲದು. ತೂಗುಮಂಚದ ರೀಲ್ ನೋಡುವವರಲ್ಲಿ ಬಹಳಷ್ಟು ಜನ ಅದನ್ನು ಕೊಳ್ಳುವವರಲ್ಲ, ಅಂಗಳದಲ್ಲಿ ತೂಗುವ ಮಂಚ ನೋಡಲು ಚೆಂದ ಎಂದು ನೋಡುವವರು. ದೇವರ ಮಂಟಪದ ಸಾದಾ ಫೋಟೋಗೆ ಲೈಕ್ ಕಡಿಮೆ, ಆದರೆ ಅದನ್ನು ಸೇವ್ ಮಾಡಿಕೊಂಡವರ ಮನೆಯಲ್ಲಿ ಗೃಹಪ್ರವೇಶದ ದಿನ ಗೊತ್ತಾಗಿರುತ್ತದೆ. ಆ್ಯಪ್‌ಗೆ ನಿಮ್ಮ ಬಿಲ್ ಪುಸ್ತಕ ಕಾಣುವುದಿಲ್ಲ. ಪೋಸ್ಟಿನ ಗುರುತು ಗಿರಾಕಿಯ ಜೊತೆಗೇ ನಡೆದು ನಿಮ್ಮ ಎಸ್ಟಿಮೇಟ್ ಚೀಟಿಯವರೆಗೆ ಬರಬೇಕು. ಅದಕ್ಕೆ ಇರುವ ದಾರಿ ಎರಡು: ಬಾಯಲ್ಲಿ ಹೇಳುವ ಕೋಡ್, ಮತ್ತು ಒತ್ತಿದರೆ ತಾನೇ ಗುರುತು ಹೊತ್ತು ಬರುವ ಟ್ಯಾಗ್ ಲಿಂಕ್.

ಎರಡೂ ಬೇಕೇ? ಒಂದೇ ಸಾಲದೇ?

ಇನ್‌ಸ್ಟಾಗ್ರಾಮ್ ಪೋಸ್ಟಿನ ಕೆಳಗಿನ ಬರಹದಲ್ಲಿ ಹಾಕಿದ ಲಿಂಕನ್ನು ಒತ್ತಲು ಬರುವುದಿಲ್ಲ, ಅದು ಬರೀ ಅಕ್ಷರವಾಗಿ ಉಳಿಯುತ್ತದೆ. ಪ್ರೊಫೈಲ್‌ನ ಬಯೋದಲ್ಲಿರುವ ಲಿಂಕ್ ಎಲ್ಲ ಪೋಸ್ಟುಗಳಿಗೂ ಒಂದೇ, ಹಾಗಾಗಿ ಯಾವ ಪೋಸ್ಟ್ ನೋಡಿ ಒತ್ತಿದರು ಎಂದು ಅದರಿಂದ ತಿಳಿಯುವುದಿಲ್ಲ. ಅಲ್ಲಿ ಕೆಲಸಕ್ಕೆ ಬರುವುದು ಕೋಡ್ ಮಾತ್ರ. ಸ್ಟೋರಿಯ ಲಿಂಕ್ ಸ್ಟಿಕರ್, ಫೇಸ್‌ಬುಕ್ ಪೋಸ್ಟ್, ವಾಟ್ಸಾಪ್ ಸ್ಟೇಟಸ್, ಗೂಗಲ್ ಮ್ಯಾಪಿನ ನಿಮ್ಮ ಅಂಗಡಿಯ ಪುಟ, ಇಲ್ಲೆಲ್ಲ ಲಿಂಕ್ ಒತ್ತಬಹುದು. ಅಲ್ಲಿ ಟ್ಯಾಗ್ ಲಿಂಕ್ ಕೆಲಸ ಮಾಡುತ್ತದೆ.

ಒಂದನ್ನೇ ಆರಿಸಬೇಕೆಂದರೆ ಕೋಡ್ ಆರಿಸಿ. ವೆಬ್‌ಸೈಟ್ ಇಲ್ಲದಿದ್ದರೂ ಅದು ನಡೆಯುತ್ತದೆ. ಗೊರೂರಿನಿಂದ ಗಿರಾಕಿಯ ಮಾವನವರೇ ಬಸ್ಸು ಹತ್ತಿ ನೇರ ಶೆಡ್ಡಿಗೆ ಬಂದರೂ ಅವರ ಜೊತೆ ಅದೂ ಬರುತ್ತದೆ.

ಕೋಡ್ ಹೇಗಿರಬೇಕು?

ಫೋನಿನಲ್ಲಿ ಹೇಳಿದರೆ ಒಂದೇ ಸಲಕ್ಕೆ ಅರ್ಥವಾಗುವ ಕನ್ನಡದ ಒಂದು ಮಾತು. `FB20OFFX` ತರದ್ದು ಆನ್‌ಲೈನ್ ಅಂಗಡಿಗೆ ಸರಿ, ಏಕೆಂದರೆ ಅಲ್ಲಿ ಗಿರಾಕಿ ಅದನ್ನು ಕಾಪಿ ಮಾಡಿ ಹಾಕುತ್ತಾನೆ. ಇಲ್ಲಿ ಅವನು ಅದನ್ನು ನೆನಪಿಟ್ಟು, ರಂದಾ ಮಷಿನ್ ಸದ್ದಿನ ನಡುವೆ ನಿಮಗೆ ಹೇಳಬೇಕು. ಬಿ ಮತ್ತು ಡಿ, ಎಂ ಮತ್ತು ಎನ್ ಫೋನಿನಲ್ಲಿ ಒಂದೇ ತರ ಕೇಳುತ್ತವೆ. ಸೊನ್ನೆಯನ್ನು ಓ ಎಂದು ಓದುತ್ತಾರೆ.

ಹೆಸರಿನ ಜೊತೆ ಅಂಕಿ ಸೇರಿಸಿ ತೂಗು 7, ತೂಗು 8 ಎಂದು ಮಾಡುವವರೂ ಇದ್ದಾರೆ. ಅದೂ ಕೈಕೊಡುತ್ತದೆ. ಜನ ಮಾತನ್ನು ನೆನಪಿಡುತ್ತಾರೆ, ಅಂಕಿ ಮರೆಯುತ್ತಾರೆ. "ಅದೇ ತೂಗು ಅಂತ ಏನೋ ಇತ್ತಲ್ಲ" ಎಂದಾಗ ಅದು ಏಳೋ ಎಂಟೋ ನಿಮಗೂ ತಿಳಿಯುವುದಿಲ್ಲ. ಆದ್ದರಿಂದ ಪ್ರತಿ ಪೋಸ್ಟಿಗೂ ಬೇರೆಯದೇ ಮಾತು ಕೊಡಿ. ತೂಗುಮಂಚದ ರೀಲಿಗೆ ತೂಗು, ಮಂಟಪದ ಫೋಟೋಗೆ ಗಂಟೆ, ಹೋಂಸ್ಟೇ ಮಂಚದ ಪೋಸ್ಟಿಗೆ ತೋಟ. ಅದೇ ತೂಗುಮಂಚವನ್ನು ಮುಂದಿನ ತಿಂಗಳು ಮತ್ತೆ ಹಾಕುವಾಗ ಜೋಲಿ. ಒಮ್ಮೆ ಬಳಸಿದ ಮಾತನ್ನು ಆರು ತಿಂಗಳು ಮುಟ್ಟಬೇಡಿ, ಹಳೆಯ ಪೋಸ್ಟ್ ಸೇವ್ ಮಾಡಿಕೊಂಡವರು ಅಷ್ಟು ತಡವಾಗಿಯೂ ಬರುತ್ತಾರೆ.

ರೀಲಿನಲ್ಲಿ ಕೋಡನ್ನು ತೋರಿಸುವುದರ ಜೊತೆ ಬಾಯಲ್ಲೂ ಹೇಳಿ. ಅಕ್ಷರವನ್ನು ಪರದೆಯ ತಳದಲ್ಲಿ ಇಡಬೇಡಿ, ಅಲ್ಲಿ ಖಾತೆಯ ಹೆಸರು ಮತ್ತು ಬರಹ ಬಂದು ಮುಚ್ಚಿಬಿಡುತ್ತದೆ. ನಡುವಿಗಿಂತ ಸ್ವಲ್ಪ ಮೇಲೆ ಇದ್ದರೆ ಕಾಣುತ್ತದೆ.

ಕೋಡ್ ಹೇಳಿದವರಿಗೆ ಏನು ಕೊಡುವುದು? ಶೇಕಡಾ 5 ಕಡಿಮೆ ಮಾಡಿದರೆ?

ಶೇಕಡಾವಾರು ರಿಯಾಯಿತಿ ಈ ಕಸುಬಿಗೆ ಒಗ್ಗುವುದಿಲ್ಲ. ಅಳತೆ ಕೊಟ್ಟು ಮಾಡಿಸುವ ಸಾಮಾನಿಗೆ ಹಚ್ಚಿದ ಬೆಲೆ ಎಂಬುದೇ ಇರುವುದಿಲ್ಲ. ಮೊದಲು ನಲವತ್ತೆರಡು ಅನ್ನುತ್ತೀರಿ, ಚೌಕಾಸಿ ಮಾಡಿ ನಲವತ್ತಕ್ಕೆ ನಿಲ್ಲುತ್ತದೆ. ಅದರ ಮೇಲೆ ಕೋಡ್ ಎಂದರೆ ಒಂದೋ ನಿಮಗೆ ಹೊಡೆತ, ಇಲ್ಲವೇ ಮೊದಲೇ ಏರಿಸಿ ಹೇಳಿದ್ದೀರೆಂಬ ಅನುಮಾನ ಗಿರಾಕಿಗೆ. ಚೌಕಾಸಿಯಲ್ಲೇ ಎರಡು ಸಾವಿರ ಇಳಿದಿದ್ದರೆ ಕೋಡ್ ಹೇಳುವ ಅಗತ್ಯವೇ ಅವನಿಗೆ ಕಾಣುವುದಿಲ್ಲ, ನಿಮ್ಮ ಲೆಕ್ಕ ಅಲ್ಲಿಗೆ ತಪ್ಪಿತು.

ವಸ್ತು ಅಥವಾ ಕೆಲಸ ಕೊಡಿ. ಮಂಟಪಕ್ಕೆ ಒಂದು ಜೊತೆ ಹಿತ್ತಾಳೆ ಗಂಟೆ. ತೂಗುಮಂಚಕ್ಕೆ ಹಾಸನ ತಾಲೂಕಿನೊಳಗೆ ಸಾಗಣೆ ಉಚಿತ. ಮಂಚಕ್ಕೆ ಒಂದು ವರ್ಷದ ಮೇಲೆ ಒಮ್ಮೆ ಮನೆಗೆ ಬಂದು ಪಾಲಿಶ್. ಇಂಥದಕ್ಕೆ ತಗಲುವ ಖರ್ಚು ನಿಮಗೆ ಮೊದಲೇ ಗೊತ್ತು, ಚೌಕಾಸಿಯಲ್ಲಿ ಅದು ಕರಗಿ ಹೋಗುವುದಿಲ್ಲ, ಮತ್ತು ಪಡೆಯಬೇಕೆಂದರೆ ಗಿರಾಕಿ ಕೋಡ್ ಹೇಳಲೇಬೇಕು. ನಮ್ಮ ಪ್ರಕಾರ ಗಂಟೆಯೇ ಎಲ್ಲಕ್ಕಿಂತ ಒಳ್ಳೆಯದು. ಅದು ಫೋಟೋದಲ್ಲೂ ಕಾಣುತ್ತದೆ, ಗಿರಾಕಿ ತಾನಾಗಿಯೇ "ಗಂಟೆ ಕೊಡ್ತೀರಲ್ಲ?" ಎಂದು ಕೇಳುತ್ತಾನೆ.

ದುಡ್ಡಿನ ರಿಯಾಯಿತಿಯನ್ನೇ ಕೊಡುವುದಾದರೆ ಬಿಲ್‌ನಲ್ಲಿ ಬೇರೆ ಸಾಲಾಗಿ, ಕೋಡಿನ ಹೆಸರಿನೊಂದಿಗೆ ತೋರಿಸಿ. ಮಾರುವಾಗಲೇ ಕೊಟ್ಟು ಬಿಲ್‌ನಲ್ಲಿ ನಮೂದಿಸಿದ ರಿಯಾಯಿತಿಯನ್ನು ಜಿಎಸ್‌ಟಿ ಲೆಕ್ಕದ ಮೌಲ್ಯದಿಂದ ಕಳೆಯಬಹುದು. ಬಾಯಿಮಾತಿನಲ್ಲಿ ಇಳಿಸಿ ಬಿಲ್‌ನಲ್ಲಿ ಪೂರ್ತಿ ಬರೆದರೆ ಆ ದುಡ್ಡಿಗೂ ತೆರಿಗೆ ಕಟ್ಟಿದಂತಾಗುತ್ತದೆ.

ಕೋಡ್ ಎಷ್ಟು ದಿನ ನಡೆಯಬೇಕು?

ಏಳು ದಿನ, ಹತ್ತು ದಿನ ಎಂದು ಹಾಕಿದರೆ ಲೆಕ್ಕವೇ ಕೆಡುತ್ತದೆ. ಪೋಸ್ಟ್ ನೋಡಿ, ಮನೆಯಲ್ಲಿ ತೋರಿಸಿ, ಭಾನುವಾರ ಬಂದು ಮರ ಮುಟ್ಟಿ ನೋಡಿ, ಮತ್ತೊಂದು ಕಡೆ ವಿಚಾರಿಸಿ ಅಡ್ವಾನ್ಸ್ ಕೊಡುವಷ್ಟರಲ್ಲಿ ವಾರಗಳು ಕಳೆಯುತ್ತವೆ. ಅವಧಿ ಮುಗಿದ ಕೋಡನ್ನು ಗಿರಾಕಿ ಹೇಳುವುದೇ ಇಲ್ಲ. ಆಗ ಪೋಸ್ಟಿನಿಂದಲೇ ಬಂದ ಆರ್ಡರ್ ನಿಮ್ಮ ಪುಸ್ತಕದಲ್ಲಿ ಸುಮ್ಮನೆ ಬಂದದ್ದಾಗಿ ಕೂರುತ್ತದೆ.

90 ದಿನ ಇಟ್ಟು ಶುರು ಮಾಡಿ. ಅವಧಿಯನ್ನು ಅಡ್ವಾನ್ಸ್ ಕೊಟ್ಟ ದಿನಕ್ಕೆ ಲೆಕ್ಕ ಹಿಡಿಯಿರಿ, ಡೆಲಿವರಿಯ ದಿನಕ್ಕಲ್ಲ. ಜ್ಯೇಷ್ಠದ ಕೊನೆಯಲ್ಲಿ ಹಾಕಿದ ಪೋಸ್ಟಿಗೆ ಇನ್ನೂ ಒಂದು ತಿಂಗಳು ಸೇರಿಸಿ. ಆಷಾಢದಲ್ಲಿ ಗೃಹಪ್ರವೇಶ ಇಲ್ಲ, ಕೇಳುವವರು ಕೇಳಿ ಸುಮ್ಮನಿದ್ದು ಶ್ರಾವಣದಲ್ಲಿ ಬರುತ್ತಾರೆ. ಆರು ತಿಂಗಳ ಲೆಕ್ಕ ಕೂಡಿದ ಮೇಲೆ ವಿಚಾರಣೆಗೂ ಅಡ್ವಾನ್ಸಿಗೂ ನಡುವೆ ನಿಮ್ಮಲ್ಲಿ ನಿಜಕ್ಕೂ ಎಷ್ಟು ದಿನ ಹಿಡಿಯುತ್ತದೆಂದು ನೋಡಿ ಅವಧಿ ಬದಲಿಸಿ.

ಟ್ಯಾಗ್ ಲಿಂಕ್ ಎಂದರೆ ಏನು, ಹೇಗೆ ಬರೆಯುವುದು?

ನಿಮ್ಮ ಪುಟದ ವಿಳಾಸದ ಕೊನೆಗೆ, ಪ್ರಶ್ನೆ ಚಿಹ್ನೆಯ ನಂತರ, ಎಲ್ಲಿಂದ ಬಂದರೆಂಬ ವಿವರ ಅಂಟಿಸುವುದು. ಪುಟ ತೆರೆಯುವುದರಲ್ಲಿ ಏನೂ ವ್ಯತ್ಯಾಸವಾಗುವುದಿಲ್ಲ. ಸೈಟಿಗೆ ಬಂದವರ ಲೆಕ್ಕ ಇಡುವ ಗೂಗಲ್ ಅನಲಿಟಿಕ್ಸ್ ಆ ವಿವರ ಓದಿಕೊಳ್ಳುತ್ತದೆ.

```
https://www.example.com/mantapa?utm_source=facebook&utm_medium=social&utm_campaign=gruhapravesha&utm_content=gante
```

`utm_source` ಯಾವ ಜಾಗ, `utm_medium` ಯಾವ ಬಗೆ, `utm_campaign` ಯಾವ ಹಂಗಾಮಿನ ಪ್ರಚಾರ, `utm_content` ಯಾವ ಪೋಸ್ಟ್. ಕೊನೆಯದರಲ್ಲಿ ಕೋಡಿನ ಹೆಸರನ್ನೇ ಹಾಕಿ. ಆಗ ಲಿಂಕಿನ ಲೆಕ್ಕವೂ ಬಾಯಿಮಾತಿನ ಲೆಕ್ಕವೂ ಒಂದೇ ಹೆಸರಿನಡಿ ಸೇರುತ್ತವೆ.

ಎಲ್ಲವನ್ನೂ ಸಣ್ಣಕ್ಷರದಲ್ಲೇ ಬರೆಯಿರಿ. `Facebook` ಮತ್ತು `facebook` ಅನಲಿಟಿಕ್ಸ್‌ಗೆ ಎರಡು ಬೇರೆ ಜಾಗಗಳು, ವರದಿಯಲ್ಲಿ ಎರಡು ಸಾಲಾಗಿ ಒಡೆಯುತ್ತವೆ. ಖಾಲಿ ಜಾಗ ಬಿಡಬೇಡಿ. ಮತ್ತೆ, ನಿಮ್ಮದೇ ಸೈಟಿನ ಒಂದು ಪುಟದಿಂದ ಇನ್ನೊಂದು ಪುಟಕ್ಕೆ ಹೋಗುವ ಲಿಂಕಿಗೆ ಈ ಟ್ಯಾಗ್ ಹಾಕಲೇಬೇಡಿ. ಫೇಸ್‌ಬುಕ್‌ನಿಂದ ಬಂದವನು ಅದನ್ನು ಒತ್ತಿದರೆ ಹಳೆಯ ಗುರುತಿನ ಜೊತೆ ಹೊಸದೂ ಸೇರಿ ಲೆಕ್ಕ ಕಲಸಿಹೋಗುತ್ತದೆ.

ಲಿಂಕ್ ಹಾಕುವ ಮೊದಲು ಫೋನಿನಲ್ಲಿ ಒತ್ತಿ ನೋಡಿ. ಪುಟ ಪೂರ್ತಿ ತೆರೆದ ಮೇಲೂ ವಿಳಾಸ ಪಟ್ಟಿಯಲ್ಲಿ `utm_content=gante` ಉಳಿದಿದೆಯೇ ಗಮನಿಸಿ. ಕೆಲವು ಸೈಟುಗಳು ಒಂದು ವಿಳಾಸದಿಂದ ಇನ್ನೊಂದಕ್ಕೆ ದಾಟಿಸುವಾಗ ಬಾಲವನ್ನೇ ಕತ್ತರಿಸಿಬಿಡುತ್ತವೆ. ಹಾಗಾದರೆ ದಾಟಿದ ಮೇಲಿನ ಅಂತಿಮ ವಿಳಾಸಕ್ಕೇ ಟ್ಯಾಗ್ ಹಾಕಿ.

ವೆಬ್‌ಸೈಟ್ ಇಲ್ಲ, ಲಿಂಕ್ ನೇರ ವಾಟ್ಸಾಪ್‌ಗೆ ಹೋಗುತ್ತದೆ. ಅದಕ್ಕೇ ಟ್ಯಾಗ್ ಹಾಕಬಹುದೇ?

ಹೆಚ್ಚಿನವರು ಎಡವುವುದು ಇಲ್ಲೇ. `wa.me` ಲಿಂಕಿನ ಹಿಂದೆ ಟ್ಯಾಗ್ ಅಂಟಿಸಿದರೆ ಏನೂ ಆಗುವುದಿಲ್ಲ. ಆ ಪುಟ ನಿಮ್ಮದಲ್ಲ, ಅಲ್ಲಿ ನಿಮ್ಮ ಅನಲಿಟಿಕ್ಸ್ ಇಲ್ಲ, ಟ್ಯಾಗನ್ನು ಓದುವವರೂ ಇಲ್ಲ. ವಾಟ್ಸಾಪ್‌ನಲ್ಲಿ ಗುರುತು ಬರಬೇಕಾದರೆ ಅದು ಮೆಸೇಜಿನ ಒಳಗೇ ಬರಬೇಕು. ಲಿಂಕ್ ಒತ್ತಿದಾಗ ಮೊದಲೇ ಬರೆದಿಟ್ಟ ಒಂದು ಸಾಲು ತೆರೆದುಕೊಳ್ಳುವಂತೆ ಮಾಡಬಹುದು.

```
https://wa.me/91XXXXXXXXXX?text=GANTE%20mantapada%20rate%20tilisi
```

ನಂಬರಿನ ಮುಂದೆ 91 ಇರಲಿ, ಪ್ಲಸ್ ಚಿಹ್ನೆಯೂ ಮೊದಲ ಸೊನ್ನೆಯೂ ಬೇಡ. `%20` ಎಂದರೆ ಮಾತುಗಳ ನಡುವಿನ ಖಾಲಿ ಜಾಗ.

ಕೋಡನ್ನು ಒಂಟಿಯಾಗಿ ಸಾಲಿನ ಕೊನೆಗೆ ತೂಗುಹಾಕಬೇಡಿ. ಅರ್ಥವಾಗದ ಅಕ್ಷರ ಕಂಡರೆ ಜನ ಅಳಿಸಿ, ತಮ್ಮದೇ ಮಾತು ಬರೆದು ಕಳುಹಿಸುತ್ತಾರೆ. ವಾಕ್ಯದ ಮೊದಲಿಗೆ ಸೇರಿಸಿದರೆ ಉಳಿಯುವ ಸಂಭವ ಹೆಚ್ಚು.

ಸಾಲನ್ನು ಕನ್ನಡ ಲಿಪಿಯಲ್ಲೂ ಬರೆಯಬಹುದು, ಆದರೆ ಲಿಂಕಿನೊಳಗೆ ಕನ್ನಡದ ಒಂದೊಂದು ಅಕ್ಷರ, ಒಂದೊಂದು ಕಾಗುಣಿತ ಚಿಹ್ನೆ ಒಂಬತ್ತು ಚಿಹ್ನೆಗಳಾಗಿ ಹಿಗ್ಗುತ್ತದೆ. ತ ಎಂಬುದು `%E0%B2%A4` ಆಗುತ್ತದೆ. ಫೇಸ್‌ಬುಕ್ ಬಟನ್ನಿನ ಹಿಂದೆ ಅಡಗಿದ್ದರೆ ತೊಂದರೆಯಿಲ್ಲ. ಅದನ್ನೇ ಕ್ಯೂಆರ್ ಮಾಡಿ ಟೆಂಪೋ ಹಿಂಬದಿಗೆ ಅಂಟಿಸಿದರೆ ಚೌಕಗಳು ಅಷ್ಟು ಸಣ್ಣಗಾಗಿ ದೂರದಿಂದ ಸ್ಕ್ಯಾನ್ ಆಗುವುದೇ ಇಲ್ಲ. ಕ್ಯೂಆರ್‌ಗೆ ಇಂಗ್ಲಿಷ್ ಅಕ್ಷರದ ಚಿಕ್ಕ ಸಾಲೇ ಇರಲಿ.

ವೆಬ್‌ಸೈಟ್ ಇದೆ, ಅದರಲ್ಲೊಂದು ವಾಟ್ಸಾಪ್ ಬಟನ್ ಇದೆ. ಪೋಸ್ಟಿನ ಗುರುತು ಬಟನ್ ದಾಟಿ ಮೆಸೇಜಿಗೆ ಹೋಗುತ್ತದೆಯೇ?

ತಾನಾಗಿ ಹೋಗುವುದಿಲ್ಲ, ಹೋಗುವಂತೆ ಮಾಡಬೇಕು. ಸೈಟ್ ಮಾಡಿಕೊಟ್ಟವರಿಗೆ ಈ ನಾಲ್ಕು ಸಾಲು ಕೊಡಿ. ವಾಟ್ಸಾಪ್ ಬಟನ್ನಿನ ಲಿಂಕಿಗೆ `id="wa"` ಇರಬೇಕು, ಈ ಸಾಲುಗಳು ಪುಟದಲ್ಲಿ ಬಟನ್ನಿನ ನಂತರ ಬರಬೇಕು.

```
const p = new URLSearchParams(location.search);
const k = (p.get("utm_content") || "web").toUpperCase();
const t = k + " rate tilisi";
document.getElementById("wa").href = "https://wa.me/91XXXXXXXXXX?text=" + encodeURIComponent(t);
```

ಫೇಸ್‌ಬುಕ್‌ನಿಂದ `gante` ಹೊತ್ತು ಬಂದವನು ಬಟನ್ ಒತ್ತಿದರೆ ಮೆಸೇಜಿನಲ್ಲಿ GANTE ಎಂದು ಬರುತ್ತದೆ. ಗುರುತೇ ಇಲ್ಲದೆ ಬಂದವನದು WEB. ಇದಕ್ಕೊಂದು ಮಿತಿ ಇದೆ: ಗಿರಾಕಿ ಮೊದಲ ಪುಟ ಬಿಟ್ಟು ಬೇರೆ ಪುಟಕ್ಕೆ ಹೋದರೆ ವಿಳಾಸದ ಬಾಲ ಕಳಚಿ, ಅಲ್ಲಿನ ಬಟನ್ WEB ಎನ್ನುತ್ತದೆ. ಪೋಸ್ಟಿನ ಲಿಂಕ್ ತೆರೆಯುವ ಪುಟದಲ್ಲೇ ಅಳತೆ, ಮರ, ಬೆಲೆಯ ಅಂದಾಜು ಎಲ್ಲ ಇಟ್ಟರೆ ಅವನು ಬೇರೆಡೆ ಹೋಗುವ ಅಗತ್ಯವೇ ಬೀಳುವುದಿಲ್ಲ.

ಅನಲಿಟಿಕ್ಸ್ 12 ಜನ ವಾಟ್ಸಾಪ್ ಒತ್ತಿದ್ದಾರೆ ಅನ್ನುತ್ತದೆ, ಬಂದದ್ದು 6 ಮೆಸೇಜ್. ಯಾವುದು ಸರಿ?

ಎರಡೂ ಸರಿ. ಒತ್ತಿದಾಗ ವಾಟ್ಸಾಪ್ ತೆರೆಯುತ್ತದೆ, ಕಳುಹಿಸುವ ಬಾಣ ಒತ್ತದೆ ವಾಪಸ್ ಹೋಗುವವರು ಬಹಳ. ಒಬ್ಬನೇ ಎರಡು ಸಲ ಒತ್ತಿದರೆ ಎರಡು ಎಂದೇ ಎಣಿಕೆಯಾಗುತ್ತದೆ. ಲಿಂಕ್ ಚಿಕ್ಕದು ಮಾಡುವ ಸೇವೆ ಬಳಸಿದ್ದರೆ ಅಲ್ಲಿನ ಎಣಿಕೆ ಇನ್ನೂ ಹೆಚ್ಚಿರಬಹುದು. ಗ್ರೂಪಿನಲ್ಲಿ ಹಾಕಿದ ಲಿಂಕಿನ ಮುನ್ನೋಟ ತೋರಿಸಲು ಆ್ಯಪೇ ಒಮ್ಮೆ ಲಿಂಕ್ ತೆರೆದು ನೋಡುವುದುಂಟು, ಅದೂ ಕ್ಲಿಕ್ ಆಗಿ ಸೇರಬಹುದು. ನೀವು ನಂಬಬೇಕಾದದ್ದು ನಿಮ್ಮ ಫೋನಿಗೆ ಬಂದ ಮೆಸೇಜನ್ನು.

ಅನಲಿಟಿಕ್ಸ್‌ನಲ್ಲಿ ಇನ್ನೊಂದು ಕೆಲಸ ಮೊದಲ ದಿನವೇ ಮಾಡಿಡಿ. `Data retention` ಎಂಬಲ್ಲಿ ಮೊದಲಿಗೆ 2 ತಿಂಗಳು ಎಂದಿರುತ್ತದೆ, ಅದನ್ನು 14 ತಿಂಗಳಿಗೆ ಬದಲಿಸಿ. ಸಾಮಾನ್ಯ ವರದಿಗಳಿಗೆ ಇದರಿಂದ ತೊಂದರೆ ಇಲ್ಲ, ಆದರೆ `Explore` ವಿಭಾಗದಲ್ಲಿ ಹಳೆಯದನ್ನು ಕೆದಕಲು ಹೊರಟಾಗ ಯುಗಾದಿಯ ಪೋಸ್ಟಿನ ವಿವರ ಗಣಪತಿ ಹಬ್ಬದ ಹೊತ್ತಿಗೆ ಸಿಗದೇ ಹೋಗುತ್ತದೆ.

ಫೋನ್ ಮಾಡಿದವರನ್ನು, ನೇರ ಬಂದವರನ್ನು ಹೇಗೆ ಕೇಳುವುದು?

ರೇಟ್ ಹೇಳುವ ಮೊದಲು ಕೇಳಿ. ರೇಟ್ ಹೇಳಿದ ಮೇಲೆ ಮಾತೆಲ್ಲ ಚೌಕಾಸಿಯ ಕಡೆ ತಿರುಗುತ್ತದೆ. ಪ್ರಶ್ನೆಯಲ್ಲೇ ಉತ್ತರ ಇಡಬೇಡಿ. "ಫೇಸ್‌ಬುಕ್‌ನಲ್ಲಿ ನೋಡಿ ಬಂದ್ರಾ?" ಎಂದರೆ ಅರ್ಧ ಜನ ಹೂಂ ಅನ್ನುತ್ತಾರೆ, ಯಾಕೆಂದರೆ ಹೂಂ ಅನ್ನುವುದು ಸುಲಭ. ಹೀಗೆ ಕೇಳಿದರೆ ಸಾಕು:

"ತೂಗುಮಂಚದ್ದು ರೇಟ್ ಎಷ್ಟಾಗುತ್ತೆ ಅಣ್ಣಾ?"

"ಹೇಳ್ತೀನಿ ಸಾರ್. ನಮ್ದು ಎಲ್ಲಿ ನೋಡಿದ್ರಿ?"

"ಮೊಬೈಲಲ್ಲಿ ವಿಡಿಯೋ ಬಂದಿತ್ತು, ನನ್ ಮಗಳು ತೋರಿಸಿದ್ಲು."

"ಅದ್ರಲ್ಲಿ ಒಂದು ಮಾತು ಹೇಳಿದ್ವಿ, ಅದು ಹೇಳಿದ್ರೆ ಸಾಗಣೆ ಫ್ರೀ ಮಾಡ್ತೀವಿ. ನೆನಪಿದ್ಯಾ?"

ನೆನಪಿದ್ದರೆ ಕೋಡಿನ ಕಾಲಂನಲ್ಲಿ ಬರೆಯಿರಿ. ನೆನಪಿಲ್ಲದಿದ್ದರೆ ನೀವೇ ಹೇಳಿಕೊಡಬೇಡಿ. ಮಗಳಿಗೆ ಫೋನ್ ಮಾಡಿ ಕೇಳಲಿ, ಅಡ್ವಾನ್ಸ್ ಕೊಡುವ ದಿನ ಹೇಳಿದರೂ ನಡೆಯುತ್ತದೆ. ಅಷ್ಟರವರೆಗೆ "ಎಲ್ಲಿ ನೋಡಿದರು" ಎಂಬ ಕಾಲಂನಲ್ಲಿ ವಿಡಿಯೋ ಎಂದಷ್ಟೇ ಬರೆದಿಡಿ. ಈ ಎರಡು ಕಾಲಂಗಳನ್ನು ಎಂದಿಗೂ ಕೂಡಿಸಬೇಡಿ. ಒಂದು ಗಿರಾಕಿ ಪೋಸ್ಟಿನಿಂದಲೇ ತಂದ ಸಾಕ್ಷಿ, ಇನ್ನೊಂದು ಅವನ ನೆನಪು.

ಎಲ್ಲವನ್ನೂ ಎಲ್ಲಿ ಬರೆದಿಡುವುದು?

ಒಂದು ಗೂಗಲ್ ಶೀಟ್ ಸಾಕು. ಒಂದು ವಿಚಾರಣೆಗೆ ಒಂದು ಸಾಲು: A ವಿಚಾರಣೆಯ ದಿನಾಂಕ, B ಫೋನ್ ನಂಬರ್, C ಕೋಡ್, D ಬಂದ ದಾರಿ, E ಎಲ್ಲಿ ನೋಡಿದರು, F ಸಾಮಾನು, G ತಲುಪಿಸುವ ಊರು, H ಅಡ್ವಾನ್ಸ್ ದಿನಾಂಕ, I ಬಿಲ್ ಮೊತ್ತ, J ಸ್ಥಿತಿ. ಇದಕ್ಕಿಂತ ಹೆಚ್ಚು ಕಾಲಂ ಮಾಡಿದರೆ ಮೂರನೇ ವಾರಕ್ಕೆ ಯಾರೂ ತುಂಬುವುದಿಲ್ಲ.

ಕೋಡ್ ಮತ್ತು ಸ್ಥಿತಿಯನ್ನು ಟೈಪ್ ಮಾಡಲು ಬಿಡಬೇಡಿ, ಆರಿಸುವ ಪಟ್ಟಿ ಇಡಿ. ತೋಟ ಎಂಬ ಒಂದೇ ಕೋಡನ್ನು ಒಬ್ಬರು TOTA, ಇನ್ನೊಬ್ಬರು THOTA, ಮತ್ತೊಬ್ಬರು ತೋಟ ಎಂದು ಬರೆಯುತ್ತಾರೆ, ಶೀಟಿಗೆ ಅವು ಮೂರು ಕೋಡು. ಪಟ್ಟಿ ಇದ್ದರೆ ಈ ತಾಪತ್ರಯ ಇಲ್ಲ. ಸ್ಥಿತಿಗೆ ನಾಲ್ಕೇ ಆಯ್ಕೆ: ವಿಚಾರಣೆ, ಅಡ್ವಾನ್ಸ್, ಬಿಲ್, ರದ್ದು. ಬಿಲ್ ಮೊತ್ತವನ್ನು ಜಿಎಸ್‌ಟಿ ಬಿಟ್ಟು ಬರೆಯಿರಿ, ಆ ದುಡ್ಡು ನಿಮ್ಮದಲ್ಲ. ಒಂದು ಕೋಡಿನಿಂದ ಆದ ವ್ಯಾಪಾರ ಹೀಗೆ ಸಿಗುತ್ತದೆ:

```
=SUMIFS(I:I, C:C, "GANTE", J:J, "ಬಿಲ್")
```

ಎಸ್ಟಿಮೇಟ್ ಚೀಟಿಯ ಮೇಲಿನ ಮೂಲೆಯಲ್ಲೂ ಕೋಡಿಗೊಂದು ಚೌಕ ಅಚ್ಚು ಹಾಕಿಸಿ. ಶೀಟಿನಲ್ಲಿ ತುಂಬುವುದು ಮರೆತರೂ ಸಂಜೆ ಚೀಟಿ ನೋಡಿ ಸರಿಪಡಿಸಬಹುದು.

ಒಂದೇ ಮನೆಯಿಂದ ಮೂರು ಜನ ವಿಚಾರಿಸಿದರೆ?

ಇದು ಇಲ್ಲಿ ದಿನನಿತ್ಯದ ಮಾತು. ಮಗಳು ವಾಟ್ಸಾಪ್‌ನಲ್ಲಿ ಕೋಡ್ ಕಳುಹಿಸುತ್ತಾಳೆ, ಅಳಿಯ ಇನ್ನೊಂದು ನಂಬರಿನಿಂದ ಫೋನ್ ಮಾಡುತ್ತಾರೆ, ಅಡ್ವಾನ್ಸ್ ಕೊಡಲು ಮಾವ ಬರುತ್ತಾರೆ, ಅವರಿಗೆ ಕೋಡೂ ಗೊತ್ತಿಲ್ಲ ಪೋಸ್ಟೂ ಗೊತ್ತಿಲ್ಲ. ನಂಬರ್ ನೋಡಿ ಜೋಡಿಸಲು ಆಗುವುದಿಲ್ಲ. ಅಡ್ವಾನ್ಸ್ ಬರೆಯುವಾಗ "ಮೊದಲು ನಿಮ್ಮ ಮನೆಯವರು ಯಾರಾದ್ರೂ ಮಾತಾಡಿದ್ರಾ?" ಎಂದು ಕೇಳಿ, ಊರು ಮತ್ತು ಸಾಮಾನು ನೋಡಿ ಹಳೆಯ ಸಾಲು ಹುಡುಕಿ, ಅದರಲ್ಲೇ ಮುಂದುವರಿಸಿ. ಮೂರು ಸಾಲಾಗಿ ಬಿಟ್ಟರೆ ವಿಚಾರಣೆ ಮೂರು, ಆರ್ಡರ್ ಒಂದು ಎಂದು ತೋರಿ, ಒಳ್ಳೆಯ ಪೋಸ್ಟೂ ಕೆಟ್ಟದಾಗಿ ಕಾಣುತ್ತದೆ.

ನಮ್ಮ ಹುಡುಗರೇ ಗಿರಾಕಿಗೆ ಕೋಡ್ ಹೇಳಿಕೊಟ್ಟು ಆರ್ಡರ್ ಮುಗಿಸುತ್ತಿದ್ದಾರೆ ಅನಿಸುತ್ತದೆ. ಹೇಗೆ ಗೊತ್ತಾಗುತ್ತದೆ?

ಶೀಟಿನಲ್ಲೇ ಗುರುತು ಸಿಗುತ್ತದೆ. ನಿಜಕ್ಕೂ ಪೋಸ್ಟ್ ನೋಡಿ ಬಂದವರಲ್ಲಿ ಹೆಚ್ಚಿನವರಿಗೆ ವಿಚಾರಣೆಗೂ ಅಡ್ವಾನ್ಸಿಗೂ ನಡುವೆ ದಿನಗಳ ಅಂತರ ಇರುತ್ತದೆ. ಹೇಳಿಕೊಟ್ಟ ಕೋಡಿನ ಸಾಲುಗಳಲ್ಲಿ ಎರಡೂ ಒಂದೇ ದಿನ, ಬಂದ ದಾರಿ ನೇರ ಭೇಟಿ, "ಎಲ್ಲಿ ನೋಡಿದರು" ಎಂಬುದು ಖಾಲಿ. ಒಬ್ಬರ ಪಾಳಿಯಲ್ಲಿ ಮಾತ್ರ ಒಂದೇ ಕೋಡ್ ಮತ್ತೆ ಮತ್ತೆ ಬರುತ್ತಿದ್ದರೆ ವಿಷಯ ಸ್ಪಷ್ಟ.

ಗದರಿಸಿ ಪ್ರಯೋಜನವಿಲ್ಲ, ಆರ್ಡರ್ ಕೈತಪ್ಪಬಾರದೆಂದೇ ಅವರು ಹಾಗೆ ಮಾಡುವುದು. ಚೌಕಾಸಿಗೆಂದು ಅವರಿಗೆ ಬೇರೆಯೇ ಒಂದು ಕೋಡ್ ಕೊಟ್ಟುಬಿಡಿ, ಅಂಗಡಿ ಎಂಬ ಹೆಸರಿನಲ್ಲಿ. ಅದೇ ಉಡುಗೊರೆಯನ್ನು ಆ ಹೆಸರಿನಡಿ ಕೊಡಲಿ. ಪೋಸ್ಟಿನ ಲೆಕ್ಕ ಶುದ್ಧವಾಗಿ ಉಳಿಯುತ್ತದೆ.

ಒಂದು ಉದಾಹರಣೆಯಲ್ಲಿ ಪೂರ್ತಿ ಲೆಕ್ಕ ತೋರಿಸುತ್ತೀರಾ?

ಲೆಕ್ಕ ಅರ್ಥವಾಗಲೆಂದು ಮಾಡಿಕೊಂಡ ಅಂಕಿಗಳಿವು. ಹಾಸನದ ಹೊರವಲಯದ ಒಂದು ವರ್ಕ್‌ಶಾಪ್ ಮೂರು ಪೋಸ್ಟ್ ಹಾಕಿ, ಮೂರು ತಿಂಗಳ ನಂತರ ಶೀಟ್ ತೆರೆದಿದೆ ಎಂದುಕೊಳ್ಳಿ.

ತೂಗು: ರೀಲಿಗೆ 2,000 ರೂಪಾಯಿ ಬೂಸ್ಟ್. ವಿಚಾರಣೆ 21, ಅಡ್ವಾನ್ಸ್ 3. ಅದರಲ್ಲಿ ಒಂದು ರದ್ದಾಗಿ ದುಡ್ಡು ವಾಪಸ್ ಹೋಯಿತು. ಉಳಿದ ಎರಡರ ಬಿಲ್ 38,000 ಮತ್ತು 42,000, ಒಟ್ಟು 80,000. ಉಚಿತ ಸಾಗಣೆಗೆ ತಲಾ 900 ಎಂದರೆ 1,800. ಬೂಸ್ಟ್ ಸೇರಿ ಖರ್ಚು 3,800, ಒಂದು ಆರ್ಡರಿಗೆ 1,900.

ಗಂಟೆ: ಮಂಟಪದ ಫೋಟೋಗೆ 1,000 ಬೂಸ್ಟ್. ವಿಚಾರಣೆ 9, ಅವುಗಳಲ್ಲಿ 6 ವಾಟ್ಸಾಪ್, 2 ಫೋನ್, 1 ನೇರ ಭೇಟಿ. ಬಿಲ್ ಆದದ್ದು 4, ಒಟ್ಟು 1,05,000. ಗಂಟೆಗೆ ಜೊತೆಗೆ 350 ರಂತೆ 1,400. ಖರ್ಚು 2,400, ಒಂದು ಆರ್ಡರಿಗೆ 600.

ತೋಟ: ಬೂಸ್ಟ್ ಇಲ್ಲದೆ ಹಾಕಿದ ಸಿಲ್ವರ್ ಓಕ್ ಮಂಚದ ಪೋಸ್ಟ್. ವಿಚಾರಣೆ 3, ಆರ್ಡರ್ 1. ಸಕಲೇಶಪುರದ ಕಡೆಯ ಹೋಂಸ್ಟೇಗೆ 19,500 ರಂತೆ 8 ಮಂಚ, 1,56,000. ಸಾಗಣೆ 4,500.

ಮೊದಲ ನೋಟಕ್ಕೆ ತೋಟವೇ ಗೆದ್ದಂತೆ ಕಾಣುತ್ತದೆ. ಆದರೆ ಅದು ಒಂದೇ ಆರ್ಡರ್. ಆ ಒಬ್ಬರು ಬೇರೆ ಕಡೆ ಹೋಗಿದ್ದರೆ ಸೊನ್ನೆ. ಒಂದು ಆರ್ಡರಿನ ಮೇಲೆ ಮುಂದಿನ ದುಡ್ಡು ಸುರಿಯುವಂತಿಲ್ಲ, ಆದರೆ ಅದೇ ಸಾಮಾನಿನ ಇನ್ನೆರಡು ಪೋಸ್ಟ್ ಹಾಕಿ ನೋಡುವಷ್ಟು ಸುಳಿವು ಅದರಲ್ಲಿದೆ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ತೋಟದವರಿಗೆ ಬಿಡುವಿರುವುದಿಲ್ಲ, ಕೊಯ್ಲು ಮುಗಿಯುವ ಹೊತ್ತಿಗೆ ಹಾಕುವುದು ಒಳ್ಳೆಯದು.

ಗಂಟೆಯ ಲೆಕ್ಕ ಹೆಚ್ಚು ಗಟ್ಟಿ. ಒಂಬತ್ತರಲ್ಲಿ ನಾಲ್ಕು ಆರ್ಡರ್ ಎಂದರೆ ನೋಡುತ್ತಿರುವವರು ಕೊಳ್ಳುವವರೇ. ತೂಗುವಿನಲ್ಲಿ ಇಪ್ಪತ್ತೊಂದಕ್ಕೆ ಎರಡು. ಇಲ್ಲಿ ದುಡ್ಡಿಗಿಂತ ಹೆಚ್ಚು ಹೋದದ್ದು ಸಮಯ, ಇಪ್ಪತ್ತೊಂದು ಜನರಿಗೂ ಅಳತೆ, ಫೋಟೋ, ರೇಟ್ ಕಳುಹಿಸಿ ಕೂತದ್ದು. ರೀಲಿನಲ್ಲೇ "ಮೂವತ್ತೈದು ಸಾವಿರದಿಂದ ಶುರು" ಎಂದು ಹಾಕಿದರೆ ವಿಚಾರಣೆ ಇಳಿಯುತ್ತದೆ. ಆರ್ಡರ್ ಕೂಡ ಇಳಿಯುತ್ತದೆಯೇ ಎಂಬುದನ್ನು ಜೋಲಿ ಎಂಬ ಹೊಸ ಕೋಡ್ ಕೊಟ್ಟು ನೋಡಬೇಕು.

ಗಮನಿಸಿ, ರದ್ದಾದ ಆರ್ಡರನ್ನು ಅಡ್ವಾನ್ಸ್ ಹಂತದಲ್ಲೇ ಎಣಿಸಿದ್ದರೆ ತೂಗು ಮೂರು ಆರ್ಡರ್ ಎಂದು ಬೀಗುತ್ತಿತ್ತು. ಬಿಲ್ ಆದದ್ದನ್ನು ಮಾತ್ರ ಎಣಿಸಿ.

ಅದೇ ಮೂರು ತಿಂಗಳಲ್ಲಿ ಕೋಡ್ ಇಲ್ಲದೆ 11 ಆರ್ಡರ್ ಬಂದಿದೆ. ಅದರಲ್ಲೂ ಪೋಸ್ಟಿನ ಪಾಲು ಇರಬಹುದಲ್ಲ?

ಇರಬಹುದು. ಆ ಹನ್ನೊಂದರಲ್ಲಿ ನಾಲ್ವರು "ಮೊಬೈಲಲ್ಲಿ ನೋಡಿದ್ವಿ" ಎಂದಿದ್ದರೆ ಹೀಗೆ ಹೇಳಿ: ಪೋಸ್ಟಿನಿಂದ ಬಂದದ್ದು ಕನಿಷ್ಠ ಏಳು, ನೆನಪನ್ನೂ ನಂಬಿದರೆ ಹನ್ನೊಂದು. ಎರಡು ಅಂಕಿಯನ್ನೂ ಹಾಗೇ ಇಟ್ಟುಕೊಳ್ಳಿ, ನಡುವಿನದೊಂದನ್ನು ಊಹಿಸಬೇಡಿ. ಪೋಸ್ಟ್ ಪೋಸ್ಟಿನ ನಡುವೆ ಹೋಲಿಸುವಾಗ ಕೋಡಿನ ಲೆಕ್ಕ ಮಾತ್ರ ಬಳಸಿ.

ತಿರುಗುಮುರುಗಾದದ್ದೂ ನಡೆಯುತ್ತದೆ. ಯಾರೋ ಗಂಟೆ ಕೋಡನ್ನು ನೆಂಟರ ಗ್ರೂಪಿನಲ್ಲಿ ಹಾಕುತ್ತಾರೆ, ಪೋಸ್ಟನ್ನೇ ನೋಡದವರು ಬಂದು ಗಂಟೆ ಅನ್ನುತ್ತಾರೆ. ಟ್ಯಾಗ್ ಲಿಂಕ್ ಫಾರ್ವರ್ಡ್ ಆದಾಗಲೂ ಹಾಗೆಯೇ, ವಾಟ್ಸಾಪ್‌ನಲ್ಲಿ ಒತ್ತಿದವನನ್ನೂ ಅನಲಿಟಿಕ್ಸ್ ಫೇಸ್‌ಬುಕ್ ಲೆಕ್ಕಕ್ಕೇ ಬರೆಯುತ್ತದೆ. ಅದನ್ನು ತಪ್ಪೆಂದು ತೆಗೆದುಹಾಕಬೇಡಿ, ಮೂಲ ಆ ಪೋಸ್ಟೇ. "ಎಲ್ಲಿ ನೋಡಿದರು" ಕಾಲಂನಲ್ಲಿ ನೆಂಟರ ಗ್ರೂಪ್ ಎಂದು ಬರೆದರೆ ಸಾಕು.

ಎಷ್ಟು ದಿನಕ್ಕೊಮ್ಮೆ ಲೆಕ್ಕ ನೋಡಬೇಕು?

ಸಾಲು ತುಂಬುವುದು ಪ್ರತಿದಿನ, ಶೆಡ್ ಮುಚ್ಚುವ ಮೊದಲು. ಕೂಡಿ ನೋಡುವುದು ತಿಂಗಳಿಗೊಮ್ಮೆ. ತೀರ್ಮಾನ ಮಾತ್ರ ಆ ಕೋಡಿನ 90 ದಿನ ಮುಗಿದ ಮೇಲೆ. ಎರಡನೇ ವಾರದಲ್ಲೇ ನೋಡಿದರೆ ವಿಚಾರಣೆ ಮಾತ್ರ ಕಾಣುತ್ತದೆ, ಬಿಲ್ ಇರುವುದಿಲ್ಲ, ಆಗ ತೂಗುವೇ ದೊಡ್ಡದಾಗಿ ತೋರಿ ಗಂಟೆಯ ಪೋಸ್ಟನ್ನು ನಿಲ್ಲಿಸಿಬಿಡುತ್ತೀರಿ.